ದಿನಕ್ಕೆ 70 ಆರ್ಡರ್ ಬಂದರೆ ಲಾಭವೇ?

ಬೆಂಗಳೂರಿನ ಫ್ಲಿಪ್‌ಕಾರ್ಟ್ ಕಂಪನಿ ತನ್ನ ಮೊದಲ ‘ಬಿಗ್ ಬಿಲಿಯನ್ ಡೇ’ ನಡೆಸಿದ್ದು 2014ರ ಅಕ್ಟೋಬರ್ 6ರಂದು. ಆಗ ಅದು ಒಂದೇ ದಿನದ ಮಾರಾಟ. ಜನ ಮುಗಿಬಿದ್ದರು, ವೆಬ್‌ಸೈಟ್ ತಡವರಿಸಿತು, ನೋಡನೋಡುತ್ತ ಸರಕು ಖಾಲಿಯಾಯಿತು, ಬುಕ್ ಆಗಿದ್ದ ಆರ್ಡರ್‌ಗಳೂ ರದ್ದಾದವು. ಸ್ಥಾಪಕರಾದ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಮರುದಿನ ಗ್ರಾಹಕರಿಗೆ ಇಮೇಲ್ ಬರೆದು ಕ್ಷಮೆ ಕೇಳಬೇಕಾಯಿತು. ಆಮೇಲೆ ಇಂಥ ಮಾರಾಟ ಒಂದು ದಿನದಿಂದ ವಾರಕ್ಕೆ ಬೆಳೆಯಿತು. ಅಮೆಜಾನ್‌ನ ‘ಗ್ರೇಟ್ ಇಂಡಿಯನ್ ಫೆಸ್ಟಿವಲ್’ ಕೂಡ ಅದೇ ಹೊತ್ತಿಗೆ ಬರತೊಡಗಿತು. 2025ರಲ್ಲಂತೂ ಎರಡೂ ಸೆಪ್ಟೆಂಬರ್ 23ರಂದೇ ಶುರುವಾದವು, ನವರಾತ್ರಿ ಆರಂಭವಾದ ಮರುದಿನ.

ಕೊಳ್ಳುವವರ ಕಡೆಯಿಂದ ಈ ಮಾರಾಟವನ್ನು ಎಲ್ಲರೂ ಬಲ್ಲರು. ಮಾರುವವರ ಕಡೆಯಿಂದ ನೋಡಿದರೆ ಚಿತ್ರ ಬೇರೆ. ಆ ತಾಣಗಳಲ್ಲಿ ಸರಕು ಇಟ್ಟಿರುವವರಲ್ಲಿ ಹೆಚ್ಚಿನವರು ದೊಡ್ಡ ಕಂಪನಿಗಳಲ್ಲ. ಮನೆಯ ಮಹಡಿಯಲ್ಲೋ ಬಾಡಿಗೆ ಮಳಿಗೆಯಲ್ಲೋ ಇಬ್ಬರು ಮೂವರು ಕೂತು ಪ್ಯಾಕ್ ಮಾಡುವ ವ್ಯಾಪಾರಿಗಳು. ಎಷ್ಟು ಸರಕು ತರಿಸುವುದು, ರಿಯಾಯಿತಿಯ ಹಣ ಯಾರ ಜೇಬಿನಿಂದ ಹೋಗುತ್ತದೆ, ಬಂದ ಆರ್ಡರನ್ನು ಹೊತ್ತಿಗೆ ಸರಿಯಾಗಿ ಕಳಿಸಲು ಆಗುತ್ತದೆಯೇ ಎಂಬ ಮೂರು ಪ್ರಶ್ನೆಗಳು ಅವರನ್ನು ಒಟ್ಟಿಗೇ ಕಾಡುತ್ತವೆ. ಮಾರಾಟದ ಗದ್ದಲದಲ್ಲಿ ಮೊದಲನೆಯದಕ್ಕೇ ಗಮನವೆಲ್ಲ ಹೋಗುತ್ತದೆ. ಆದರೆ ಕೂತು ಲೆಕ್ಕ ಹಾಕಿದರೆ ಎರಡನೆಯದರಿಂದ ಶುರುಮಾಡಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬೆಂಗಳೂರಿನ ಒಬ್ಬ ವ್ಯಾಪಾರಿ ತಮಿಳುನಾಡಿನ ಕರೂರಿನಿಂದ ಹತ್ತಿಯ ಡಬಲ್ ಬೆಡ್‌ಶೀಟ್ ತರಿಸಿ, ಎರಡು ದಿಂಬಿನ ಕವರ್ ಜೊತೆ ಆನ್‌ಲೈನ್‌ನಲ್ಲಿ ಮಾರುತ್ತಾರೆ. ಐದು ವಿನ್ಯಾಸಗಳಿವೆ. ಮಾಮೂಲಿ ಬೆಲೆ 799 ರೂಪಾಯಿ, ದಿನಕ್ಕೆ ಸರಾಸರಿ 20 ಆರ್ಡರ್. ಮುಂದಿನ ಅಂಕಿಗಳೆಲ್ಲ ಲೆಕ್ಕದ ದಾರಿ ತೋರಿಸಲು ಹಿಡಿದವು. ಕಮಿಷನ್, ಸಾಗಣೆ ದರಗಳು ತಾಣದಿಂದ ತಾಣಕ್ಕೆ, ಸರಕಿನಿಂದ ಸರಕಿಗೆ ಬದಲಾಗುತ್ತವೆ.

799ರಲ್ಲಿ ಶೇ 5ರ ಜಿಎಸ್‌ಟಿ ತೆಗೆದರೆ ಉಳಿಯುವುದು 761. ಕರೂರಿನವರಿಗೆ ಕೊಟ್ಟದ್ದು 380, ಪ್ಯಾಕಿಂಗ್‌ಗೆ 15. ತಾಣದ ಕಮಿಷನ್ ಶೇ 10ರಂತೆ 80, ಪ್ರತಿ ಆರ್ಡರ್‌ಗೆ ನಿಗದಿಯಾದ ಶುಲ್ಕ 25, ಸಾಗಣೆ 75. ಇಷ್ಟೂ ಕಳೆದರೆ ಗ್ರಾಹಕ ಇಟ್ಟುಕೊಂಡ ಒಂದು ಬೆಡ್‌ಶೀಟಿಗೆ 186 ರೂಪಾಯಿ ಸಿಗುತ್ತದೆ. ಎಲ್ಲರೂ ಇಟ್ಟುಕೊಳ್ಳುವುದಿಲ್ಲವಲ್ಲ. ನೂರು ಆರ್ಡರ್‌ನಲ್ಲಿ 12 ವಾಪಸ್ ಬರುತ್ತವೆ ಎಂದು ಹಿಡಿಯಿರಿ. ಒಂದೊಂದು ವಾಪಸಾತಿಗೂ ಹೋಗಿಬರುವ ಸಾಗಣೆ, ಮತ್ತೆ ಪ್ಯಾಕ್ ಮಾಡುವ ಖರ್ಚು ಸೇರಿ 150 ರೂಪಾಯಿ ಕೈಬಿಡುತ್ತದೆ. ಜಾಹೀರಾತಿಗೆ ಆರ್ಡರಿಗೆ 30. ಎಲ್ಲ ಕೂಡಿ ಕಳೆದು ನೂರು ಆರ್ಡರ್‌ಗೆ ಹಂಚಿದರೆ, ಒಂದು ಆರ್ಡರ್‌ಗೆ 116 ರೂಪಾಯಿ ಉಳಿಯುತ್ತದೆ. ದಿನಕ್ಕೆ 20 ಆರ್ಡರ್‌ಗೆ 2,320 ರೂಪಾಯಿ.

ಈಗ ಮಾರಾಟ ಮೇಳದ ಆಹ್ವಾನ ಬರುತ್ತದೆ. 649ಕ್ಕೆ ಕೊಟ್ಟರೆ ನಿಮ್ಮ ಸರಕು ಎದ್ದು ಕಾಣುತ್ತದೆ ಎಂದು ತಾಣದ ಪರದೆ ಸೂಚಿಸುತ್ತದೆ. 150 ರೂಪಾಯಿ ಇಳಿಕೆ, ಹೆಚ್ಚುಕಡಿಮೆ ಶೇ 19. ಕೇಳಲು ದೊಡ್ಡದೇನಲ್ಲ. ಆದರೆ ಇಳಿದದ್ದು ಬೆಲೆ ಮಾತ್ರ. ಕರೂರಿನವರ 380 ಇಳಿಯುವುದಿಲ್ಲ, ಸಾಗಣೆಯ 75 ಇಳಿಯುವುದಿಲ್ಲ. ಕಮಿಷನ್ ಹದಿನೈದು ರೂಪಾಯಿ, ಜಿಎಸ್‌ಟಿ ಏಳು ರೂಪಾಯಿ ತಗ್ಗುತ್ತವೆ, ಅಷ್ಟೆ. ಗ್ರಾಹಕ ಇಟ್ಟುಕೊಂಡ ಬೆಡ್‌ಶೀಟಿಗೆ ಈಗ ಸಿಗುವುದು 58 ರೂಪಾಯಿ. ಮೇಳದಲ್ಲಿ ಆತುರದಿಂದ ಕೊಳ್ಳುವವರು ಹೆಚ್ಚಾದ್ದರಿಂದ ವಾಪಸಾತಿ ನೂರಕ್ಕೆ 15 ಆಯಿತು ಎನ್ನೋಣ. ಕೊನೆಗೆ ಒಂದು ಆರ್ಡರ್‌ಗೆ ಮೂರು ರೂಪಾಯಿ ನಷ್ಟ. ಎಷ್ಟು ಹೆಚ್ಚು ಮಾರಿದರೆ ಅಷ್ಟು ಹೆಚ್ಚು ನಷ್ಟ.

ಹಾಗಾದರೆ 699? ಇಟ್ಟುಕೊಂಡದ್ದಕ್ಕೆ 101 ರೂಪಾಯಿ, ವಾಪಸಾತಿ 14 ಎಂದು ಹಿಡಿದರೆ ಒಂದು ಆರ್ಡರ್‌ಗೆ 36 ರೂಪಾಯಿ ಉಳಿಯುತ್ತದೆ. ಅಂದರೆ ಮಾಮೂಲಿ ದಿನದ 2,320ನ್ನು ಮುಟ್ಟಬೇಕಾದರೇ ದಿನಕ್ಕೆ 65 ಆರ್ಡರ್ ಬೇಕು. 70 ಬಂದವು ಎನ್ನಿ. ಮೂರೂವರೆ ಪಟ್ಟು ಹೆಚ್ಚು ಕೆಲಸ ಮಾಡಿ ದಿನಕ್ಕೆ ಹೆಚ್ಚು ಸಿಕ್ಕದ್ದು 200 ರೂಪಾಯಿ. ಪ್ಯಾಕ್ ಮಾಡಲು ಒಬ್ಬ ಹುಡುಗನನ್ನು ದಿನಗೂಲಿಗೆ ಕರೆದರೆ ಅದೂ ಹೋಯಿತು.

ರಿಯಾಯಿತಿಯ ಹೊರೆ ಹೊರುವವರು ಯಾರು ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿ. ವಿದೇಶಿ ಬಂಡವಾಳವಿರುವ ಮಾರುಕಟ್ಟೆ ತಾಣಗಳು ಸರಕಿನ ಬೆಲೆಯ ಮೇಲೆ ನೇರವಾಗಿ ಆಗಲಿ ಪರೋಕ್ಷವಾಗಿ ಆಗಲಿ ಪ್ರಭಾವ ಬೀರಬಾರದು ಎಂಬುದು ಕೇಂದ್ರ ಸರ್ಕಾರದ ನಿಯಮ. 2018ರ ಡಿಸೆಂಬರ್‌ನಲ್ಲಿ ಹೊರಟ ಪ್ರೆಸ್ ನೋಟ್ 2 ಇದನ್ನು ಬಿಗಿಗೊಳಿಸಿತು, 2019ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಹಾಗಾಗಿ ಕಾಗದದ ಮೇಲೆ ಬೆಲೆ ಇಳಿಸುವ ನಿರ್ಧಾರ ಯಾವಾಗಲೂ ಮಾರುವವರದೇ. ತಾಣದ ನೆರವು ಬಂದರೆ ಬೇರೆ ರೂಪದಲ್ಲಿ ಬರುತ್ತದೆ. ಮೇಳದ ಅವಧಿಗೆ ಕಮಿಷನ್ ಕಡಿತ, ಜಾಹೀರಾತಿಗೆ ಒಂದಿಷ್ಟು ಕ್ರೆಡಿಟ್, ಸಾಗಣೆ ದರದಲ್ಲಿ ವಿನಾಯಿತಿ. ನಮ್ಮ ಉದಾಹರಣೆಯಲ್ಲಿ 699ರ ಬೆಲೆಗೆ ಕಮಿಷನ್ ಶೇ 10ರಿಂದ 7ಕ್ಕೆ ಇಳಿದರೆ ಒಂದು ಆರ್ಡರ್‌ನ ಲಾಭ 36ರಿಂದ 54ಕ್ಕೆ ಏರುತ್ತದೆ. 70 ಆರ್ಡರ್‌ಗೆ ದಿನಕ್ಕೆ 3,780. ಮಾಮೂಲಿಗಿಂತ 1,460 ಹೆಚ್ಚು, ಎಂಟು ದಿನಕ್ಕೆ 11,680. ದಿನಕ್ಕೆ 700ರಂತೆ ಒಬ್ಬ ಸಹಾಯಕನ ಕೂಲಿ 5,600 ಕಳೆದರೂ ಆರು ಸಾವಿರ ಉಳಿಯುತ್ತದೆ. ಮೇಳಕ್ಕೆ ಸೇರಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸಿದ್ದು ಹೆಚ್ಚುವರಿ ಆರ್ಡರ್‌ಗಳಲ್ಲ, ಆ ಶೇ 3. ಆದ್ದರಿಂದ ಒಪ್ಪಿಗೆಯ ಗುಂಡಿ ಒತ್ತುವ ಮೊದಲು ಕಮಿಷನ್ ಕಡಿತ ನಿಮ್ಮ ಸರಕಿನ ವರ್ಗಕ್ಕೆ ಅನ್ವಯಿಸುತ್ತದೆಯೇ, ಯಾವ ದಿನದಿಂದ ಯಾವ ದಿನದವರೆಗೆ ಎಂಬುದನ್ನು ಓದಿ, ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಬೇಕು. ಹಣ ಬಂದಾಗ ಕಡಿತ ಕಾಣದಿದ್ದರೆ ಕೇಳಲು ಇರುವ ಆಧಾರ ಅದೊಂದೇ.

ಬ್ಯಾಂಕ್ ಕಾರ್ಡಿನ ಮೇಲೆ ಶೇ 10 ತಕ್ಷಣದ ರಿಯಾಯಿತಿ ಎಂಬ ಜಾಹೀರಾತು ಕಂಡು ಹಲವು ಹೊಸ ವ್ಯಾಪಾರಿಗಳು ಗಾಬರಿಯಾಗುತ್ತಾರೆ. ಅದು ಸಾಮಾನ್ಯವಾಗಿ ಮಾರುವವರ ಪಾಲಿನಿಂದ ಹೋಗುವುದಿಲ್ಲ. ಬ್ಯಾಂಕೋ ತಾಣವೋ ಅದನ್ನು ತುಂಬುತ್ತದೆ, ನಿಮಗೆ 699ರ ಲೆಕ್ಕದಲ್ಲೇ ಹಣ ಬರುತ್ತದೆ. ಜಿಎಸ್‌ಟಿಯೂ 699ರ ಮೇಲೆಯೇ, ಏಕೆಂದರೆ ಉಳಿದ ಹಣವನ್ನು ಬೇರೆಯವರು ಕೊಟ್ಟರೂ ಅದು ನಿಮ್ಮ ಸರಕಿನ ಬೆಲೆಯೇ. ಆದರೆ ಕೂಪನ್, ‘ಎರಡು ಕೊಂಡರೆ ಶೇ 5 ಕಡಿತ’ ಮುಂತಾದ ಕೊಡುಗೆಗಳನ್ನು ನೀವೇ ಒಪ್ಪಿ ಹಾಕಿದ್ದರೆ ಅದು ಪೂರ್ತಿ ನಿಮ್ಮ ಹೊರೆ. ಹಿಂದೆ ಯಾವಾಗಲೋ ಹಾಕಿ ಮರೆತ ಕೂಪನ್ ಮೇಳದ ಬೆಲೆಯ ಮೇಲೂ ಕೂತುಬಿಡುವುದು ಅಪರೂಪವಲ್ಲ. 699ರ ಮೇಲೆ 30 ರೂಪಾಯಿಯ ಹಳೆಯ ಕೂಪನ್ ಉಳಿದಿದ್ದರೆ 54ರ ಲಾಭದಲ್ಲಿ ಅರ್ಧ ಅಲ್ಲೇ ಕರಗುತ್ತದೆ. ಮೇಳಕ್ಕೆ ಎರಡು ದಿನ ಮುಂಚೆ ಗ್ರಾಹಕರಂತೆ ನಿಮ್ಮದೇ ಸರಕನ್ನು ಕಾರ್ಟ್‌ಗೆ ಹಾಕಿ ಕೊನೆಯ ಮೊತ್ತ ನೋಡುವುದು ಇದಕ್ಕೆ ಸುಲಭದ ಪರೀಕ್ಷೆ.

ಇನ್ನೊಂದು ಬಲೆಯಿದೆ. ಮೇಳದ ಬೆಲೆ ಕಳೆದ ಕೆಲವು ವಾರಗಳಲ್ಲಿ ನೀವು ಮಾರಿದ ಅತಿ ಕಡಿಮೆ ಬೆಲೆಗಿಂತ ಕೆಳಗಿರಬೇಕು ಎಂದು ತಾಣಗಳು ಸಾಮಾನ್ಯವಾಗಿ ಷರತ್ತು ಹಾಕುತ್ತವೆ. ಆಗಸ್ಟ್‌ನಲ್ಲಿ ಮಂದವಾಗಿದ್ದ ಮಾರಾಟಕ್ಕೆ ಚುರುಕು ಕೊಡಲೆಂದು ಎರಡು ದಿನ 719ಕ್ಕೆ ಮಾರಿದವರಿಗೆ ಸೆಪ್ಟೆಂಬರ್‌ನಲ್ಲಿ 719 ಕೂಡ ರಿಯಾಯಿತಿ ಎನಿಸಿಕೊಳ್ಳುವುದಿಲ್ಲ. ತಾಣ ಹಳೆಯ ಬೆಲೆಗಳನ್ನು ನೆನಪಿಟ್ಟುಕೊಂಡಿರುತ್ತದೆ. ಮೇಳಕ್ಕೆ ಮುಂಚಿನ ಒಂದೂವರೆ ತಿಂಗಳು ಬೆಲೆಗೆ ಕೈಹಾಕದಿರುವುದೂ ತಯಾರಿಯ ಭಾಗವೇ.

ಬೆಲೆ ನಿಂತ ಮೇಲೆಯೇ ಸರಕಿನ ಮಾತು. ದಿನಕ್ಕೆ ಸರಾಸರಿ 70ರಂತೆ ಎಂಟು ದಿನಕ್ಕೆ 560 ಆರ್ಡರ್. ಅವು ಸಮನಾಗಿ ಬರುವುದಿಲ್ಲ. ಸದಸ್ಯತ್ವ ಪಡೆದ ಗ್ರಾಹಕರಿಗೆ ಬಾಗಿಲು ಮೊದಲೇ ತೆರೆಯುತ್ತದೆ, ಮೊದಲ ರಾತ್ರಿಯೇ ಆರ್ಡರ್ ಸುರಿಯುತ್ತವೆ. ಮೊದಲ ದಿನ 150, ಎರಡನೆಯ ದಿನ 100, ಆಮೇಲೆ ಐದು ದಿನ ಐವತ್ತರ ಆಸುಪಾಸು, ಮುಗಿಯುವ ದಿನ ಮತ್ತೆ ಸ್ವಲ್ಪ ಏರಿ 60. ಹಿಂದಿನ ವರ್ಷದ ನಿಮ್ಮದೇ ಆರ್ಡರ್ ಪಟ್ಟಿ ಇದ್ದರೆ ಈ ಏರಿಳಿತ ಅದರಲ್ಲೇ ಕಾಣುತ್ತದೆ. ತಾಣ ಕಳಿಸುವ ‘ಇಷ್ಟು ಸರಕು ಸಿದ್ಧವಿರಲಿ’ ಎಂಬ ಸೂಚನೆಗಿಂತ ಆ ಪಟ್ಟಿ ನಂಬಿಕೆಗೆ ಹೆಚ್ಚು ಅರ್ಹ. ಸರಕು ಉಳಿದರೆ ತಾಣ ಕಳೆದುಕೊಳ್ಳುವುದು ಏನೂ ಇಲ್ಲ, ನಿಮ್ಮ ದುಡ್ಡು ಸಿಕ್ಕಿಕೊಳ್ಳುತ್ತದೆ.

ಎಷ್ಟು ದುಡ್ಡು? 560 ಬೆಡ್‌ಶೀಟಿಗೆ 380ರಂತೆ 2,12,800 ರೂಪಾಯಿ, ಜಿಎಸ್‌ಟಿ ಬೇರೆ. ಅದು ಹೊರಡುವುದು ಆಗಸ್ಟ್ ಕೊನೆಗೆ. ತಾಣದಿಂದ ಹಣ ಬರುವುದು ಸಾಮಾನ್ಯವಾಗಿ ಸರಕು ಗ್ರಾಹಕರಿಗೆ ತಲುಪಿ ಒಂದು ವಾರದ ಆಚೆ, ಅದರಲ್ಲೂ ಜಿಎಸ್‌ಟಿಯ ಟಿಸಿಎಸ್ ಶೇ 0.5 ಮತ್ತು ಆದಾಯ ತೆರಿಗೆಯ ಟಿಡಿಎಸ್ ಶೇ 0.1 ಹಿಡಿದು. ಇವೆರಡೂ ಮುಂದೆ ಲೆಕ್ಕಕ್ಕೆ ಸಿಗುತ್ತವೆ, ನಷ್ಟವಲ್ಲ. ಆದರೆ ಒಂದೂವರೆ ತಿಂಗಳು ಎರಡು ಲಕ್ಷಕ್ಕೂ ಹೆಚ್ಚು ಹಣ ಹೊರಗಿರುತ್ತದೆ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಕರೂರಿನವರು 30 ದಿನದ ಸಾಲ ಕೊಟ್ಟರೂ ಅವರಿಗೆ ತೀರಿಸುವ ದಿನ ತಾಣದ ಹಣಕ್ಕಿಂತ ಮೊದಲೇ ಬರುತ್ತದೆ.

ಕಡಿಮೆ ತರಿಸಿ, ಖಾಲಿಯಾದಂತೆ ಮತ್ತೆ ತರಿಸಿದರಾಗದೇ ಎಂದು ಕೇಳಬಹುದು. ಬೇರೆ ತಿಂಗಳಲ್ಲಾದರೆ ಆಗುತ್ತಿತ್ತು. ಮೇಳ ನಡೆಯುವುದೇ ನವರಾತ್ರಿಯಲ್ಲಿ. 2025ರಲ್ಲಿ ಆಯುಧಪೂಜೆ ಅಕ್ಟೋಬರ್ 1ಕ್ಕೆ ಬಿತ್ತು, ಅಂದರೆ ಮಾರಾಟ ಶುರುವಾದ ಒಂಬತ್ತನೆಯ ದಿನ. ಆ ದಿನ ಕರೂರಿನಲ್ಲಿ ಮಗ್ಗ, ಹೊಲಿಗೆ ಯಂತ್ರಗಳಿಗೆ ಕುಂಕುಮ ಹಚ್ಚಿ ಪೂಜೆ. ಬೆಂಗಳೂರಿನಲ್ಲಿ ಲಾರಿಗಳಿಗೂ ಹೂವಿನ ಹಾರ. ಹಿಂದೆ ಮುಂದೆ ಒಂದೆರಡು ದಿನ ಕೆಲಸಗಾರರು ಊರಿಗೆ ಹೋಗಿರುತ್ತಾರೆ. ಹಾಗಾಗಿ ಮಧ್ಯೆ ಸರಕು ತುಂಬಿಸಿಕೊಳ್ಳುವ ಯೋಜನೆ ನಮ್ಮ ಕಡೆ ಕೈಗೂಡುವುದಿಲ್ಲ. ವಾಪಸ್ ಬರುವ ಎಪ್ಪತ್ತೆಂಟೋ ಎಂಬತ್ತೋ ಬೆಡ್‌ಶೀಟ್‌ಗಳನ್ನೂ ಮರುಮಾರಾಟಕ್ಕೆ ನಂಬುವಂತಿಲ್ಲ. ಅವು ಕೈ ಸೇರುವಾಗ ಮೇಳ ಮುಗಿದಿರುತ್ತದೆ.

ಅಂದಾಜು ತಪ್ಪಿದರೆ ಏನಾಗುತ್ತದೆ ಎಂಬುದನ್ನೂ ನೋಡಬೇಕು. 70ರ ಬದಲು ದಿನಕ್ಕೆ 40 ಆರ್ಡರ್ ಮಾತ್ರ ಬಂದರೆ 240 ಬೆಡ್‌ಶೀಟ್ ಉಳಿಯುತ್ತವೆ, 91,200 ರೂಪಾಯಿಯ ಸರಕು. ಅವು ಸಾದಾ ಹೂವಿನ ವಿನ್ಯಾಸದವಾದರೆ ದಿನಕ್ಕೆ 20ರಂತೆ 12 ದಿನಕ್ಕೆ ಹೋಗುತ್ತವೆ, ಹೆಚ್ಚು ಚಿಂತೆಯಿಲ್ಲ. ಅದೇ ದೀಪದ ಚಿತ್ರ ಅಚ್ಚಾದ ಹಬ್ಬದ ವಿನ್ಯಾಸವಾದರೆ ಮುಂದಿನ ವರ್ಷದವರೆಗೆ ಅಟ್ಟದ ಮೇಲೆ. ಆದ್ದರಿಂದ ಹೆಚ್ಚುವರಿ ಸರಕನ್ನು ವರ್ಷವಿಡೀ ಮಾರಾಟವಾಗುವ ವಿನ್ಯಾಸಗಳಲ್ಲೇ ಇಡುವುದು ಜಾಣತನ. ಐದು ವಿನ್ಯಾಸಗಳಿವೆಯೆಂದು ತಲಾ 112 ತರಿಸುವುದು ಎಲ್ಲರೂ ಮಾಡುವ ತಪ್ಪು. ಮಾಮೂಲಿ ದಿನಗಳಲ್ಲಿ ಎರಡು ವಿನ್ಯಾಸಗಳೇ ಆರ್ಡರ್‌ನ ಅರವತ್ತು ಪಾಲು ಒಯ್ಯುತ್ತಿದ್ದರೆ, ಮೇಳದಲ್ಲೂ ಹೆಚ್ಚಾಗಿ ಅವೇ ಮುಂದೆ. ಅವುಗಳಿಗೆ 200, 140 ಎಂದು ಕೊಟ್ಟು ಉಳಿದ ಮೂರಕ್ಕೆ 100, 70, 50ರಂತೆ ಹಂಚಿದರೆ, ಓಡುವ ವಿನ್ಯಾಸ ಮೂರನೆಯ ದಿನವೇ ಖಾಲಿಯಾಗಿ ಓಡದ್ದು ರಾಶಿ ಬೀಳುವುದು ತಪ್ಪುತ್ತದೆ.

ಸರಕನ್ನು ತಾಣದ ಗೋದಾಮಿಗೇ ಕಳಿಸಿಬಿಟ್ಟರೆ ಪ್ಯಾಕಿಂಗ್ ಚಿಂತೆ ಇರುವುದಿಲ್ಲ, ನಿಜ. ಆದರೆ ಆ ಗೋದಾಮನ್ನು ಜಿಎಸ್‌ಟಿ ನೋಂದಣಿಯಲ್ಲಿ ಹೆಚ್ಚುವರಿ ವ್ಯವಹಾರ ಸ್ಥಳವೆಂದು ಸೇರಿಸಿರಬೇಕು, ಬೇರೆ ರಾಜ್ಯದ ಗೋದಾಮಾದರೆ ಆ ರಾಜ್ಯದಲ್ಲೇ ನೋಂದಣಿ ಬೇಕು. ಮೇಳ ಹತ್ತಿರವಾದಂತೆ ಸರಕು ಇಳಿಸಲು ಸಮಯದ ಸ್ಲಾಟ್ ಸಿಗುವುದಿಲ್ಲ. ಲಾರಿ ಗೇಟಿನಲ್ಲಿ ನಿಂತಿದ್ದು, ಸರಕು ಲೆಕ್ಕಕ್ಕೆ ಏರುವ ಹೊತ್ತಿಗೆ ಮೇಳ ಅರ್ಧ ಮುಗಿದಿರುವುದುಂಟು. ಮೂರು ನಾಲ್ಕು ವಾರ ಮೊದಲೇ ಕಳಿಸಲು ಆಗುವವರಿಗೆ ಮಾತ್ರ ಆ ದಾರಿ.

ಉಳಿದವರು ಸ್ವಂತ ಮೇಜಿನ ಮೇಲೇ ಪ್ಯಾಕ್ ಮಾಡಬೇಕು. ರವಾನೆಯ ಸಾಮರ್ಥ್ಯವನ್ನು ಅಳೆಯಬೇಕಾದ್ದು ಸರಾಸರಿ ದಿನಕ್ಕಲ್ಲ, ಮೊದಲ ದಿನದ 150 ಆರ್ಡರ್‌ಗೆ. ಬೆಡ್‌ಶೀಟ್ ಹುಡುಕಿ, ಹೊಲಿಗೆ ನೋಡಿ, ಮಡಚಿ, ಕವರ್‌ಗೆ ಹಾಕಿ, ಬಿಲ್ಲು ಲೇಬಲ್ ಅಂಟಿಸಲು ಒಂದಕ್ಕೆ ನಾಲ್ಕು ನಿಮಿಷ ಹಿಡಿದರೆ 600 ನಿಮಿಷ, ಒಬ್ಬರಿಗೆ ಹತ್ತು ಗಂಟೆ. ಪಿಕಪ್ ವ್ಯಾನ್ ಮಧ್ಯಾಹ್ನವೇ ಬಂದರೆ ಇಬ್ಬರಿದ್ದರೂ ಸಾಲದು. ಇಲ್ಲಿ ಜನ ಹೆಚ್ಚಿಸುವುದಕ್ಕಿಂತ ಕೆಲಸವನ್ನು ಹಿಂದಕ್ಕೆ ತಳ್ಳುವುದು ಮೇಲು. ಮೇಳಕ್ಕೆ ಮುಂಚಿನ ವಾರವೇ ಪರಿಶೀಲನೆ, ಮಡಿಕೆ, ಪ್ಯಾಕಿಂಗ್ ಮುಗಿಸಿ, ಪ್ರತಿ ಪೊಟ್ಟಣದ ಮೇಲೆ ವಿನ್ಯಾಸದ ಕೋಡ್ ಅಂಟಿಸಿ, ವಿನ್ಯಾಸವಾರು ರಾಶಿ ಮಾಡಿಟ್ಟರೆ ಆ ದಿನ ಉಳಿಯುವುದು ಲೇಬಲ್ ಮುದ್ರಿಸಿ ಅಂಟಿಸುವ ಕೆಲಸ ಮಾತ್ರ. ಒಂದಕ್ಕೆ ಒಂದೂವರೆ ನಿಮಿಷದಂತೆ 150ಕ್ಕೆ ನಾಲ್ಕು ಗಂಟೆಯೂ ಹಿಡಿಯುವುದಿಲ್ಲ. ಲೇಬಲ್‌ಗಳನ್ನೂ ಆರ್ಡರ್ ಬಂದ ಕ್ರಮದಲ್ಲಿ ಅಲ್ಲ, ವಿನ್ಯಾಸದ ಕ್ರಮದಲ್ಲಿ ಮುದ್ರಿಸಿಕೊಳ್ಳಬೇಕು. ಇಲ್ಲದಿದ್ದರೆ ನೀಲಿ ಕೇಳಿದವರಿಗೆ ಹಸಿರು ಹೋಗುತ್ತದೆ, ಅದು ಖಚಿತ ವಾಪಸಾತಿ.

ಮೊದಲೇ ಪ್ಯಾಕ್ ಮಾಡುವುದರಲ್ಲಿ ಇನ್ನೊಂದು ಉಳಿತಾಯವೂ ಇದೆ. ಸಾಗಣೆ ದರವನ್ನು ತೂಕದ ಮೇಲೆ ಮಾತ್ರ ಹಾಕುವುದಿಲ್ಲ. ಪೊಟ್ಟಣದ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5,000ದಿಂದ ಭಾಗಿಸಿದಾಗ ಬರುವ ಗಾತ್ರದ ತೂಕ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದನ್ನೇ ಹಿಡಿಯುತ್ತಾರೆ. ಗಾಳಿ ಒತ್ತಿ ತೆಗೆದ ಬೆಡ್‌ಶೀಟ್ 35, 28, 6 ಸೆಂಟಿಮೀಟರ್ ಇದ್ದರೆ ಗಾತ್ರದ ತೂಕ 1.18 ಕಿಲೋ. ಅವಸರದಲ್ಲಿ ತುರುಕಿ ಎತ್ತರ 12 ಸೆಂಟಿಮೀಟರ್ ಆದರೆ 2.35 ಕಿಲೋ. ಒಳಗಿರುವುದು ಅದೇ ಬೆಡ್‌ಶೀಟ್, ಬಿಲ್ಲು ಮಾತ್ರ ಮೇಲಿನ ಹಂತದ್ದು. ಮೇಳ ಮುಗಿದ ಮೇಲೆ ಸಾಗಣೆ ಶುಲ್ಕ ಏಕೆ ಏರಿತು ಎಂದು ತಲೆ ಕೆಡಿಸಿಕೊಳ್ಳುವ ಹಲವರು ಅಳೆದು ನೋಡಬೇಕಾದ್ದು ಇದನ್ನೇ.

ಹೊತ್ತಿಗೆ ಕಳಿಸದಿದ್ದರೆ ದಂಡಕ್ಕಿಂತ ಹೆಚ್ಚು ತೊಂದರೆ ಕೊಡುವುದು ಖಾತೆಯ ಅಂಕಿಗಳು. ಸ್ವಂತವಾಗಿ ರವಾನಿಸುವವರಿಗೆ ಅಮೆಜಾನ್ ಇಟ್ಟಿರುವ ಮಿತಿಯಲ್ಲಿ ತಡವಾದ ರವಾನೆ ಶೇ 4ಕ್ಕಿಂತ, ಮಾರುವವರೇ ರದ್ದು ಮಾಡಿದ ಆರ್ಡರ್ ಶೇ 2.5ಕ್ಕಿಂತ ಕೆಳಗಿರಬೇಕು. ಮೇಳದ 560ರಲ್ಲಿ 14 ಆರ್ಡರ್ ರದ್ದಾದರೆ ಆ ಗೆರೆಗೆ ಮುಟ್ಟಿಬಿಡುತ್ತೀರಿ. ರದ್ದಾಗಲು ಸಾಮಾನ್ಯ ಕಾರಣ, ಒಂದೇ ರಾಶಿಯನ್ನು ಎರಡು ತಾಣಗಳಲ್ಲಿ ಪೂರ್ತಿ ತೋರಿಸಿರುವುದು. ಇಲ್ಲಿ ಕೊನೆಯ ಬೆಡ್‌ಶೀಟ್ ಮಾರಾಟವಾದ ಕ್ಷಣವೇ ಅಲ್ಲಿಯೂ ಅದು ಮಾರಾಟವಾಗಿರುತ್ತದೆ. ಪ್ರತಿ ವಿನ್ಯಾಸದಲ್ಲೂ ಹತ್ತರಲ್ಲಿ ಒಂದು ಪಾಲನ್ನು ಎಲ್ಲಿಯೂ ತೋರಿಸದೆ ಹಿಂದೆ ಇಟ್ಟುಕೊಳ್ಳಬೇಕು. ಪರದೆಯ ಮೇಲಿನ ಸರಕಿನ ಸಂಖ್ಯೆ ವೇಗಕ್ಕೆ ಕಡಿವಾಣವೂ ಹೌದು. ದಿನಕ್ಕೆ 150 ಮಾತ್ರ ಕಳಿಸಬಲ್ಲಿರಾದರೆ ಮೊದಲ ರಾತ್ರಿ 560 ಎಂದು ತೋರಿಸುವುದೇಕೆ? 150 ತೋರಿಸಿ, ಅವು ಹೊರಟ ಮೇಲೆ ಉಳಿದದ್ದನ್ನು ತೆರೆದರಾಯಿತು.

ಪ್ಯಾಕ್ ಆದದ್ದು ಹೊರಟಂತಲ್ಲ. ದಿನಾ 20 ಪೊಟ್ಟಣ ಒಯ್ಯುವ ಹುಡುಗ ಬೈಕಿನಲ್ಲಿ ಬಂದರೆ 150ನ್ನು ಒಯ್ಯಲಾರ. ಪಿಕಪ್ ಕೇಂದ್ರಕ್ಕೆ ಹಿಂದಿನ ವಾರವೇ ಅಂದಾಜು ತಿಳಿಸಿರಬೇಕು, ಅಗತ್ಯ ಬಿದ್ದರೆ ಆಟೋದಲ್ಲಿ ಹಾಕಿ ನಾವೇ ಕೇಂದ್ರಕ್ಕೆ ಮುಟ್ಟಿಸಲು ಅವಕಾಶವಿದೆಯೇ ಎಂದು ವಿಚಾರಿಸಿರಬೇಕು. ಸರಕು ಕೊಡುವಾಗ ಪ್ರತಿಯೊಂದೂ ಸ್ಕ್ಯಾನ್ ಆಯಿತೇ ನೋಡಿ, ಪಟ್ಟಿಯ ಮೇಲೆ ಸಹಿ ಹಾಕಿಸಿಕೊಳ್ಳಬೇಕು. ಸ್ಕ್ಯಾನ್ ಆಗದೆ ವ್ಯಾನಿಗೆ ಹೋದ ಪೊಟ್ಟಣ ತಾಣದ ಲೆಕ್ಕದಲ್ಲಿ ಇನ್ನೂ ನಿಮ್ಮ ಮೇಜಿನ ಮೇಲೆಯೇ ಇರುತ್ತದೆ, ತಡವೂ ನಿಮ್ಮದೇ.

ಅಕ್ಟೋಬರ್ ಎರಡನೆಯ ವಾರದಿಂದ ವಾಪಸಾತಿಗಳು ಬರತೊಡಗುತ್ತವೆ. ಪೊಟ್ಟಣ ಬಿಚ್ಚುವಾಗ ಲೇಬಲ್‌ನಿಂದ ಹಿಡಿದು ಒಳಗಿನದರವರೆಗೆ ಒಂದೇ ವೀಡಿಯೊದಲ್ಲಿ ತೆಗೆದಿಟ್ಟುಕೊಂಡರೆ, ಬಳಸಿದ ಅಥವಾ ಬೇರೆಯದೇ ಬೆಡ್‌ಶೀಟ್ ಬಂದಾಗ ತಾಣಕ್ಕೆ ಪರಿಹಾರ ಕೇಳಬಹುದು. ಅದಕ್ಕೆ ಕೆಲವೇ ದಿನಗಳ ಗಡುವು ಇರುತ್ತದೆ, ದೀಪಾವಳಿ ಮುಗಿಯಲಿ ನೋಡೋಣ ಎಂದರೆ ಅವಕಾಶ ಕಳೆದುಹೋಗುತ್ತದೆ. ಆ ಹೊತ್ತಿಗೇ ದೀಪಾವಳಿ ಮಾರಾಟದ ಆಹ್ವಾನವೂ ಬಂದಿರುತ್ತದೆ. ಉಳಿದ ಸರಕು, ವಾಪಸ್ ಬಂದದ್ದರಲ್ಲಿ ಚೆನ್ನಾಗಿರುವುದು ಎರಡನ್ನೂ ಅದಕ್ಕೆ ಹಾಕಬಹುದು. ಆದರೆ ತಾಣದ ನೆನಪಿನಲ್ಲಿ ಈಗ ನಿಮ್ಮ ಕನಿಷ್ಠ ಬೆಲೆ 799 ಅಲ್ಲ, 699. ಅದಕ್ಕಿಂತ ಕೆಳಗೆ ಇಳಿದು 649ಕ್ಕೆ ಬಂದರೆ ಏನಾಗುತ್ತದೆ ಎಂಬ ಲೆಕ್ಕ ಈಗಾಗಲೇ ಹಾಕಿಯಾಗಿದೆ. ಕಮಿಷನ್ ಇನ್ನಷ್ಟು ಇಳಿಯದಿದ್ದರೆ ಆ ಆಹ್ವಾನವನ್ನು ಬಿಟ್ಟು, ಬೆಲೆಯನ್ನು 749ಕ್ಕೆ ಏರಿಸಿ ಮಾಮೂಲಿ ಗಿರಾಕಿಗಳಿಗೆ ಮಾರುವುದೇ ಸರಿ.